ಬಡ್ತಿ ಬಂತು, ಇನ್‌ಕ್ರಿಮೆಂಟ್ ಹೋಯ್ತು

2022ರ ಮಾರ್ಚ್ 10, ಗುರುವಾರ. ನನಗೆ ಪ್ರಮೋಷನ್ ಬಂತು. ಆದೇಶ ಎರಡು ಪುಟದ್ದು. ಮೊದಲ ಪುಟದಲ್ಲಿ ನನ್ನ ಹೆಸರಿತ್ತು, ಕಾಗುಣಿತವೂ ಸರಿಯಿತ್ತು. ಹೆಸರು ಕಂಡ ಮೇಲೆ ಎರಡನೇ ಪುಟ ತಿರುಗಿಸುವವನು ಒಂದೋ ಲೆಕ್ಕಪರಿಶೋಧಕ, ಇಲ್ಲವೇ ಅನುಮಾನದ ಪಿಶಾಚಿ. ನಾನು ಎರಡೂ ಅಲ್ಲ. ಎರಡು ಕೆಜಿ ಧಾರವಾಡ ಪೇಡ ತರಿಸಿ ಸೆಕ್ಷನ್ ಸೆಕ್ಷನ್ ಸುತ್ತಿದೆ.

ಅದೇ ಆದೇಶದಲ್ಲಿ, ಅದೇ ದಿನ, ನನ್ನ ಪಕ್ಕದ ಮೇಜಿನ ಮೇಡಂಗೂ ಪ್ರಮೋಷನ್ ಆಯಿತು. ಇಬ್ಬರೂ ಕೇಂದ್ರ ಸರ್ಕಾರದ ಲೆವೆಲ್ 4ರಲ್ಲಿದ್ದವರು, ಇಬ್ಬರ ಮೂಲ ವೇತನವೂ 28,700, ಇಬ್ಬರೂ ಹೋಗಬೇಕಾದದ್ದು ಲೆವೆಲ್ 5ಕ್ಕೆ. ಸೇವೆಯಲ್ಲಿ ನಾನೇ ಸೀನಿಯರ್. ಆಕೆ ಪೇಡ ತಿಂದರು, ಕೈ ತೊಳೆದರು, ಒಂದು ಬಿಳಿ ಹಾಳೆಯಲ್ಲಿ ಎರಡು ಸಾಲು ಗೀಚಿ ಬಿಲ್ ಸೆಕ್ಷನ್‌ಗೆ ಕೊಟ್ಟು ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಬಂದರು. ರಜೆ ಅರ್ಜಿ ಇರಬೇಕು ಅಂದುಕೊಂಡೆ.

ಏಪ್ರಿಲ್‌ನಲ್ಲಿ ಪೂರ್ತಿ ತಿಂಗಳ ಸಂಬಳ ಬಂದಾಗ ನನ್ನ ಮೂಲ ವೇತನ 30,100, ಆಕೆಯದು 29,200. ಒಂಬೈನೂರು ರೂಪಾಯಿ ಕಡಿಮೆ! ‘ಅಯ್ಯೋ ಪಾಪ’ ಎಂದು ನಾನು ಮರುಗಿದೆ. ‘ಬಿಲ್ ಸೆಕ್ಷನ್‌ನವರು ತಪ್ಪು ಮಾಡಿರಬೇಕು ಮೇಡಂ, ವಿಚಾರಿಸಲೇ?’ ಎಂದು ಹಿರಿಯನ ಗತ್ತಿನಲ್ಲಿ ಕೇಳಿದೆ. ಆಕೆ ನಕ್ಕು, ‘ಜುಲೈ ಬರಲಿ ಬಿಡಿ ಸಾರ್’ ಎಂದರು. ಮಾವಿನಹಣ್ಣಿನ ಸುಗ್ಗಿಯ ಬಗ್ಗೆ ಮಾತಾಡುವಷ್ಟೇ ಸಮಾಧಾನ.

ಜುಲೈ ಬಂತು. ಆಕೆಯ ಮೂಲ ವೇತನ 31,000 ಆಯಿತು. ನನ್ನದು 30,100ರಲ್ಲೇ ಕೂತಿತ್ತು, ಬಸ್ಸು ತಪ್ಪಿಸಿಕೊಂಡವನು ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತ ಹಾಗೆ.

ಇಲ್ಲಿ ಪೇ ಮ್ಯಾಟ್ರಿಕ್ಸ್ ಎಂಬ ಕೋಷ್ಟಕದ ಬಗ್ಗೆ ಒಂದು ಮಾತು. ಏಳನೇ ವೇತನ ಆಯೋಗ 2016ರಿಂದ ನಮಗೆ ದಯಪಾಲಿಸಿದ ಪಂಚಾಂಗ ಅದು. ಅಡ್ಡಕ್ಕೆ ಲೆವೆಲ್‌ಗಳು, ಉದ್ದಕ್ಕೆ ಮನೆಗಳು. ವರ್ಷಕ್ಕೊಂದು ಮನೆ ಕೆಳಗಿಳಿಯಬೇಕು, ಅದಕ್ಕೇ ಇನ್‌ಕ್ರಿಮೆಂಟ್ ಎನ್ನುವುದು. ಕೆಳಗಿಳಿದಷ್ಟೂ ಸಂಬಳ ಮೇಲೇರುವ ಜಾಗ ಲೋಕದಲ್ಲಿ ಇದೊಂದೇ. ಪ್ರಮೋಷನ್ ಬಂದರೆ ಮೊದಲು ಹಳೆಯ ಲೆವೆಲ್‌ನಲ್ಲೇ ಒಂದು ಮನೆ ಇಳಿಸುತ್ತಾರೆ. ನನಗೆ 28,700 ಹೋಗಿ 29,600 ಆಯಿತು. ಆಮೇಲೆ ಹೊಸ ಲೆವೆಲ್‌ನಲ್ಲಿ ಅದೇ ಅಂಕಿ ಹುಡುಕುತ್ತಾರೆ. ಲೆವೆಲ್ 5ರಲ್ಲಿ 29,200 ಇದೆ, ಅದರ ಕೆಳಗೆ 30,100 ಇದೆ, ನಡುವೆ 29,600 ಎಂಬ ಮನೆಯೇ ಇಲ್ಲ. ಅಂಕಿ ಸಿಗದಿದ್ದರೆ ಅದರ ಮೇಲಿನದನ್ನು ಕೊಡಬೇಕು ಎಂಬುದು ನಿಯಮ. ಹಾಗೆ 30,100. ಒಂದೇ ಏಟಿಗೆ 1,400 ರೂಪಾಯಿ ಏರಿಕೆ. ಪೇಡದ ಖರ್ಚು ಹುಟ್ಟಿತು ಎಂದು ನಾನು ಹಿಗ್ಗಿದ್ದು ಇಲ್ಲೇ.

ಹಿಗ್ಗಿದವನಿಗೆ ಕ್ಯಾಲೆಂಡರ್ ಕಾಣುವುದಿಲ್ಲ. ಆರನೇ ಆಯೋಗದ ಕಾಲದಲ್ಲಿ, ಅಂದರೆ 2006ರಿಂದ, ಇನ್‌ಕ್ರಿಮೆಂಟಿಗೆ ಎಲ್ಲರಿಗೂ ಒಂದೇ ಮುಹೂರ್ತವಿತ್ತು, ಜುಲೈ 1. ಏಳನೇ ಆಯೋಗದ ಕಾಲದಲ್ಲಿ ಅದು ಎರಡಾಯಿತು, ಜನವರಿ 1 ಮತ್ತು ಜುಲೈ 1. ವರ್ಷಕ್ಕೆ ಒಂದೇ ಇನ್‌ಕ್ರಿಮೆಂಟ್, ಯಾವ ದಿನ ಎಂಬುದು ನೀವು ಸೇರಿದ ಅಥವಾ ಪ್ರಮೋಷನ್ ಪಡೆದ ದಿನದ ಮೇಲೆ. 2016ರ ಪರಿಷ್ಕೃತ ವೇತನ ನಿಯಮಗಳ 10ನೇ ನಿಯಮದ ಪ್ರಕಾರ ಜನವರಿ 2ರಿಂದ ಜುಲೈ 1ರೊಳಗೆ ಬಂದವರಿಗೆ ಮುಂದಿನ ಜನವರಿ 1, ಜುಲೈ 2ರಿಂದ ಜನವರಿ 1ರೊಳಗೆ ಬಂದವರಿಗೆ ಮುಂದಿನ ಜುಲೈ 1. 2022ರ ಜುಲೈ 1 ಶುಕ್ರವಾರ. ಅಂದು ಹೊಸ ಹುದ್ದೆಯ ಚಾರ್ಜ್ ತೆಗೆದುಕೊಂಡವನಿಗೆ ಆರು ತಿಂಗಳಿಗೆ ಇನ್‌ಕ್ರಿಮೆಂಟ್. ‘ವಾರಾಂತ್ಯ ಊರಿಗೆ ಹೋಗಿ ಬಂದು ಸೋಮವಾರ ತಗೋತೀನಿ’ ಎಂದವನಿಗೆ ಒಂದು ವರ್ಷಕ್ಕೆ ಮೂರು ದಿನ ಕಡಿಮೆ. ಊರಿನ ಆ ಕೋಳಿಸಾರು ಎಷ್ಟು ದುಬಾರಿ ಎಂದು ಅವನಿಗೆ ಜನವರಿಯಲ್ಲಿ ಗೊತ್ತಾಗುತ್ತದೆ.

ನನ್ನ ಕಥೆಗೆ ಬರೋಣ. ಪ್ರಮೋಷನ್ ಬಾರದೆ ಇದ್ದಿದ್ದರೆ ಆ ಜುಲೈ 1ರಂದು ಲೆವೆಲ್ 4ರಲ್ಲೇ ನನಗೆ ಮಾಮೂಲಿ ಇನ್‌ಕ್ರಿಮೆಂಟ್ ಸಿಗುತ್ತಿತ್ತು. ಮಾರ್ಚ್ 10ರಂದು ಪ್ರಮೋಷನ್ ತೆಗೆದುಕೊಂಡ ತಪ್ಪಿಗೆ ನನ್ನ ಮುಹೂರ್ತ ಜನವರಿಗೆ ಜಾರಿತು. ಕಳೆದ ಜುಲೈಯಿಂದ ಮಾರ್ಚ್‌ವರೆಗೆ ಎಂಟು ತಿಂಗಳು ದುಡಿದು ಮಾಗಿಸಿದ ಇನ್‌ಕ್ರಿಮೆಂಟನ್ನು ಪ್ರಮೋಷನ್ ಎಂಬ ಅತಿಥಿ ಬಂದು ತಿಂದು ಬಾಯಿ ಒರೆಸಿಕೊಂಡಿತು. ಅತಿಥಿಗೆ ಪೇಡ ತಿನ್ನಿಸಿದವನೂ ನಾನೇ.

ಇದು ಹೀಗಾಗಬಾರದು ಎಂದೇ ಮೂಲ ನಿಯಮ 22(I)(ಎ)(1)ರಲ್ಲಿ ಒಂದು ಕಿಂಡಿ ಇಟ್ಟಿದ್ದಾರೆ. ಅದರ ಹೆಸರು ಆಪ್ಷನ್. ‘ನನ್ನ ಸಂಬಳವನ್ನು ಪ್ರಮೋಷನ್ ದಿನದಿಂದ ನಿಗದಿ ಮಾಡಬೇಡಿ, ನನ್ನ ಮುಂದಿನ ಇನ್‌ಕ್ರಿಮೆಂಟಿನ ದಿನದಿಂದ ಮಾಡಿ’ ಎಂದು ಬರೆದುಕೊಡಬಹುದು. ಆ ಮೇಡಂ ಗೀಚಿದ ಎರಡು ಸಾಲು ಇದೇ. ಹಾಗೆ ಬರೆದವರನ್ನು ಅಲ್ಲಿಯವರೆಗೆ ಹೊಸ ಲೆವೆಲ್‌ನಲ್ಲಿ ಹಳೆಯ ಸಂಬಳಕ್ಕಿಂತ ಮೇಲಿನ ಮೊದಲ ಮನೆಯಲ್ಲಿ ಕೂರಿಸುತ್ತಾರೆ. 28,700ಕ್ಕೆ ಮೇಲಿನದು 29,200. ನಾನು ಮರುಗಿದ್ದು ಈ ಅಂಕಿಗೆ. ಜುಲೈ 1 ಬಂದೊಡನೆ ಹಳೆಯ ಲೆವೆಲ್‌ನಲ್ಲಿ ವರ್ಷದ ಇನ್‌ಕ್ರಿಮೆಂಟ್ ಒಂದು, ಪ್ರಮೋಷನ್ನಿನದು ಇನ್ನೊಂದು, ಎರಡು ಮನೆ ಇಳಿಸುತ್ತಾರೆ. 28,700ರಿಂದ 29,600, ಅಲ್ಲಿಂದ 30,500. ಲೆವೆಲ್ 5ರಲ್ಲಿ 30,500 ಇಲ್ಲ, ಮೇಲಿನದು 31,000.

ಇಷ್ಟೇ ಆಗಿದ್ದರೆ ಜನವರಿಯಲ್ಲಿ ನಾನೂ 31,000 ಮುಟ್ಟಿ ಆಕೆಯ ಪಕ್ಕ ನಿಲ್ಲುತ್ತಿದ್ದೆ. 2023ರ ಜನವರಿ 1ರಂದು ಮುಟ್ಟಿದೆ ಕೂಡ. ನೋಡಿದರೆ ಆಕೆ ಅದೇ ದಿನ 31,900ಕ್ಕೆ ಹೋಗಿದ್ದರು. ಜುಲೈಯಲ್ಲಿ ಎರಡು ನುಂಗಿ ಜನವರಿಯಲ್ಲಿ ಮತ್ತೊಂದೇ? ಬಿಲ್ ಸೆಕ್ಷನ್‌ಗೆ ನುಗ್ಗಿದೆ. ಅಲ್ಲಿನ ಮೇಡಂ ತಲೆ ಎತ್ತದೆ ಡ್ರಾಯರ್‌ನಿಂದ ಒಂದು ಜೆರಾಕ್ಸ್ ತೆಗೆದು ಮುಂದಿಟ್ಟರು. ವೆಚ್ಚ ಇಲಾಖೆ 2019ರ ನವೆಂಬರ್ 28ರಂದು ಹೊರಡಿಸಿದ ಸ್ಪಷ್ಟೀಕರಣ. ಜುಲೈ 1ಕ್ಕೆ ಸಂಬಳ ನಿಗದಿ ಮಾಡಿಸಿಕೊಂಡವರಿಗೆ ಆರು ತಿಂಗಳ ಸೇವೆ ಮುಗಿದ ಮೇಲೆ ಬರುವ ಜನವರಿ 1ಕ್ಕೇ ಹೊಸ ಲೆವೆಲ್‌ನ ಮೊದಲ ಇನ್‌ಕ್ರಿಮೆಂಟ್, ಅಲ್ಲಿಂದ ಮುಂದಕ್ಕೆ ವರ್ಷಕ್ಕೊಂದು.

‘ಇದು ನನಗೆ ಗೊತ್ತೇ ಇರಲಿಲ್ಲ ಮೇಡಂ.’

‘ನಿಮ್ಮ ಆರ್ಡರ್‌ನಲ್ಲೇ ಇತ್ತಲ್ಲ ಸಾರ್. ಎರಡನೇ ಪುಟ, ಕೊನೇ ಪ್ಯಾರಾ.’

ಇತ್ತು, ಸತ್ಯ. ಆಪ್ಷನ್ ವಿಷಯವನ್ನು ಪ್ರಮೋಷನ್ ಆದೇಶದಲ್ಲೇ ತಪ್ಪದೆ ಬರೆಯಬೇಕು ಎಂದು ಸಿಬ್ಬಂದಿ ಇಲಾಖೆ 2017ರಲ್ಲೇ ತಾಕೀತು ಮಾಡಿದೆ. ಒಂದು ತಿಂಗಳೊಳಗೆ ಕೊಡಬೇಕು, ಒಮ್ಮೆ ಕೊಟ್ಟರೆ ಅದೇ ಅಂತಿಮ, ಕೊಡದಿದ್ದರೆ ಪ್ರಮೋಷನ್ ದಿನದಿಂದಲೇ ನಿಗದಿ. ನಮ್ಮ ಕಚೇರಿ ಆ ತಾಕೀತನ್ನು ಅಕ್ಷರಶಃ ಪಾಲಿಸಿತ್ತು, ಇರುವೆ ಸಾಲಿನಂಥ ಅಕ್ಷರದಲ್ಲಿ, ಸಹಿಗೂ ‘ಪ್ರತಿಗಳು’ ಎಂಬ ಪಟ್ಟಿಗೂ ನಡುವೆ ಒತ್ತರಿಸಿ. ಮೌನವೂ ಒಂದು ಉತ್ತರ ಎಂದು ಸರ್ಕಾರ ನಂಬುವುದು ಆ ಉತ್ತರದಿಂದ ಅದಕ್ಕೆ ಉಳಿತಾಯವಾಗುವಾಗ ಮಾತ್ರ. ಹಳಬರಿಗೆ 2021ರಲ್ಲಿ ಆಪ್ಷನ್ ಕೊಡಲು ಇನ್ನೊಂದು ಅವಕಾಶ ಸಿಕ್ಕಿತ್ತಂತೆ. ನನ್ನ ಪ್ರಮೋಷನ್ ಅದಾದ ಮೇಲಿನದು.

ಮನೆಗೆ ಬಂದು ಹಾಲಿನ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಲೆಕ್ಕ ಹಾಕಿದೆ. ಮಾರ್ಚ್ 10ರಿಂದ ಜೂನ್ ಕೊನೆಯವರೆಗೆ ಆಕೆ ತಿಂಗಳಿಗೆ 900ರಂತೆ ಕಳೆದುಕೊಂಡದ್ದು ಒಟ್ಟು ಸುಮಾರು 3,340 ರೂಪಾಯಿ. ಆ ವರ್ಷದ ಉಳಿದ ಆರು ತಿಂಗಳಲ್ಲಿ ನನಗಿಂತ ಹೆಚ್ಚು ಪಡೆದದ್ದು 5,400. ಕಳೆದುಕೊಂಡದ್ದು ವರ್ಷ ಮುಗಿಯುವ ಮೊದಲೇ ವಸೂಲಿ! 2023ರಲ್ಲಿ 10,800. 2024ಕ್ಕೆ ನಾನು 31,900, ಆಕೆ 32,900, ಅಂತರ ಸಾವಿರಕ್ಕೇರಿ ವರ್ಷಕ್ಕೆ 12,000. ನಷ್ಟ ಕಳೆದು ಮೂರೇ ವರ್ಷಕ್ಕೆ ಸುಮಾರು 24,860, ಅದೂ ಬರೀ ಮೂಲ ವೇತನದಲ್ಲಿ. ತುಟ್ಟಿಭತ್ಯೆ 2024ರ ಜನವರಿಗೆ ಶೇ. 50 ಆಗಿತ್ತು, ಹಾಗಾಗಿ ಆ ಸಾವಿರ ನಿಜದಲ್ಲಿ ಸಾವಿರದೈನೂರು. ಇಬ್ಬರೂ ಇದೇ ಲೆವೆಲ್‌ನಲ್ಲಿ ಇರುವಷ್ಟು ಕಾಲ ಆಕೆ ನನಗಿಂತ ಒಂದು ಮನೆ ಕೆಳಗೆ, ಅಂದರೆ ಮೇಲೆ. ಬಿಲ್ ಸೆಕ್ಷನ್ ತಪ್ಪು ಮಾಡಿದೆಯೇ ವಿಚಾರಿಸಲೇ ಎಂದು ನಾನು ಕೇಳಿದ್ದೆನಲ್ಲ, ಆ ಮಾತು ನೆನಪಾದಾಗ ಹಾಲಿನ ಪುಸ್ತಕ ಮುಚ್ಚಿಟ್ಟೆ.

ಹಾಗಂತ ಎಲ್ಲರೂ ಕಣ್ಣುಮುಚ್ಚಿ ಮುಂದಿನ ದಿನಾಂಕವನ್ನೇ ಆರಿಸಿದರೂ ಎಡವಟ್ಟೇ. ಇದನ್ನು ಕಲಿತದ್ದು ನಮ್ಮ ಕ್ಯಾಂಟೀನ್ ಮೇಜಿನಲ್ಲಿ. 2023ರ ಅಕ್ಟೋಬರ್ 10ರಂದು, ಅದೇ 28,700ರಲ್ಲಿದ್ದ ಇನ್ನೊಬ್ಬರಿಗೆ ಪ್ರಮೋಷನ್ ಬಂತು. ಅವರ ಹಳೆಯ ಮುಹೂರ್ತವೂ ಜುಲೈ 1. ನನ್ನ ದುರಂತ ಕೇಳಿ ನಡುಗಿ ಅಂದೇ ಆಪ್ಷನ್ ಬರೆಯಲು ಕೂತರು. ಪಕ್ಕದ ಮೇಜಿನ ಮೇಡಂ ಅವರ ಪೆನ್ನು ಹಿಡಿದು ನಿಲ್ಲಿಸಿದರು.

‘ಮೊದಲು ಎರಡೂ ಲೆಕ್ಕ ಹಾಕಿ ಸಾರ್. ಬರೆದುಕೊಟ್ಟರೆ ಜುಲೈವರೆಗೆ ಒಂಬತ್ತು ತಿಂಗಳ ಹತ್ತಿರ 900 ಬಿಡಬೇಕು, ಹೆಚ್ಚುಕಡಿಮೆ 7,840. ಸುಮ್ಮನಿದ್ದರೂ ನಿಮಗೆ ಜುಲೈ 1ಕ್ಕೇ ಇನ್‌ಕ್ರಿಮೆಂಟ್, ಆಗ ಎರಡು ದಾರಿಯಲ್ಲೂ 31,000. ಬರೆದುಕೊಟ್ಟರೆ ಅದರಾಚೆ ವರ್ಷ ವರ್ಷ ಜನವರಿಯಿಂದ ಜೂನ್‌ವರೆಗೆ ಮಾತ್ರ ಮುಂದೆ ಇರ್ತೀರಿ. 2025ರಲ್ಲಿ 5,400 ಬರುತ್ತೆ. ಬಾಕಿ ತೀರೋದು 2026ರ ಮಾರ್ಚ್ ಹೊತ್ತಿಗೆ.’

‘ನಾನು 2025ರ ಆಗಸ್ಟ್‌ಗೆ ರಿಟೈರ್ ಮೇಡಂ!’

‘ಹಾಗಿದ್ದರೆ ಪೆನ್ನು ಕೆಳಗಿಡಿ.’

ಅವರು ಇಟ್ಟರು. ನಾನು ಸೋಮಾರಿತನದಿಂದ ಮಾಡಿದ್ದನ್ನೇ ಅವರು ಗಣಿತದಿಂದ ಮಾಡಿದರು. ಕಡತದಲ್ಲಿ ಎರಡೂ ಒಂದೇ ಥರ ಕಾಣುತ್ತದೆ.

ಈ ಜನವರಿ-ಜುಲೈ ಕಾಟ ನಿವೃತ್ತಿಯ ದಿನವೂ ಬಿಟ್ಟಿದ್ದಲ್ಲ. ವರ್ಷವಿಡೀ ದುಡಿದು ಜೂನ್ 30ರಂದು ಹಾರ ಹಾಕಿಸಿಕೊಂಡವನಿಗೆ ‘ನಿನ್ನ ಇನ್‌ಕ್ರಿಮೆಂಟ್ ನಾಳೆ, ನೀನು ನಾಳೆ ನೌಕರನಲ್ಲ’ ಎನ್ನುವ ಪದ್ಧತಿ ವರ್ಷಗಟ್ಟಲೆ ನಡೆಯಿತು. ಅದನ್ನು ಪ್ರಶ್ನಿಸಿದ ನಮ್ಮ ಕೆಪಿಟಿಸಿಎಲ್‌ನ ನಿವೃತ್ತರ ಕೇಸು ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 2023ರ ಏಪ್ರಿಲ್ 11ರಂದು ಕೋರ್ಟು, ದುಡಿದ ವರ್ಷದ ಇನ್‌ಕ್ರಿಮೆಂಟ್ ದುಡಿದವನದೇ ಎಂಬ ಅರ್ಥದಲ್ಲಿ ಅವರ ಪರ ತೀರ್ಪು ಕೊಟ್ಟಿತು. ಒಂದು ರಾತ್ರಿಯ ಅಂತರ ದಾಟಲು ದೆಹಲಿಗೆ ಹೋಗಿಬರಬೇಕಾಯಿತು.

ನನ್ನದು ಕೋರ್ಟಿಗೆ ಹೋಗುವ ಕೇಸಲ್ಲ. ಓದದೆ ಬಿಟ್ಟ ಪ್ಯಾರಾಕ್ಕೆ ಯಾವ ಪೀಠವೂ ತಡೆಯಾಜ್ಞೆ ಕೊಡದು. ಹೋದ ವಾರ ಲೆವೆಲ್ 6ಕ್ಕೆ ನನ್ನ ಹೆಸರು ಪಟ್ಟಿಯಲ್ಲಿದೆ ಎಂಬ ಸುದ್ದಿ ಬಂತು. ಪೇಡದ ಅಂಗಡಿಯವನು ‘ಸಾರ್, ಈ ಸಲ ಮೂರು ಕೆಜಿ?’ ಎಂದ. ‘ಮೊದಲು ಒಂದು ಬಿಳಿ ಹಾಳೆ ಕೊಡಪ್ಪ’ ಎಂದೆ. ಅಲ್ಲೇ ಗಾಜಿನ ಕಪಾಟಿನ ಮೇಲೆ ಆಪ್ಷನ್ ಅರ್ಜಿ ಬರೆದು, ಸಹಿ ಹಾಕಿ, ತಾರೀಕಿನ ಜಾಗ ಖಾಲಿ ಬಿಟ್ಟು ಜೇಬಿನಲ್ಲಿಟ್ಟುಕೊಂಡಿದ್ದೇನೆ. ಯಾವ ದಾರಿ ಆರಿಸಿದ್ದೇನೆ ಎನ್ನುವ ಜಾಗವೂ ಖಾಲಿಯೇ ಇದೆ. ಆದೇಶ ಯಾವ ತಿಂಗಳಲ್ಲಿ ಬರುತ್ತದೋ ನೋಡಿಕೊಂಡು ಪಕ್ಕದ ಮೇಜಿನ ಮೇಡಂ ಅದನ್ನು ತುಂಬಿಕೊಡುತ್ತಾರೆ. ಅವರಿಗೆ ಮಾತ್ರ ಒಂದು ಕೆಜಿ ಬೇರೆ ಕಟ್ಟಿಸಬೇಕು.