ವಿಶ್ರಾಂತಿ ಬೇಕಂದ್ರ ಮ್ಯಾಲೇ ಮಲ್ಕೋ

ಖಾನಾಪುರದ ಮಳೆಗಾಲದ ಪಾಚಿಯಲ್ಲಿ ಜಾರಿ ಮೊಣಕಾಲ ಕೆಳಗಿನ ಎಲುಬು ಮುರಿದುಕೊಂಡ ನನ್ನ ಸೋದರಳಿಯನಿಗೆ ಬೆಳಗಾವಿಯ ಹಾಸ್ಟೆಲ್‌ನಲ್ಲಿ ಎರಡನೇ ಮಹಡಿಯ ಖೋಲಿ. ಕೆಳಗಿನದು ಕೊಡಿ ಎಂದು ಡಾಕ್ಟರ ಚೀಟಿ ಸಮೇತ ವಾರ್ಡನ್ನರ ಮುಂದೆ ನಿಂತ. ಚೀಟಿಯಲ್ಲಿದ್ದದ್ದು ‘ವಿಶ್ರಾಂತಿ ಅಗತ್ಯ’ ಅಷ್ಟೇ.

‘ವಿಶ್ರಾಂತಿ ಬೇಕಂದ್ರ ಮ್ಯಾಲೇ ಮಲ್ಕೋ ತಮ್ಮಾ, ಹಾಸಿಗಿ ಅಲ್ಲೂ ಐತಿ.’

ತಪ್ಪು ವಾರ್ಡನ್ನರದಲ್ಲ, ಚೀಟಿಯದು. ಮರುದಿನ ಬೇರೆ ಬರೆಸಿದೆವು: ಆರು ವಾರ ಆ ಕಾಲಿನ ಮೇಲೆ ಭಾರ ಹಾಕಬಾರದು, ಬಗಲಗೋಲು ಬೇಕು, ಮೆಟ್ಟಿಲು ಹತ್ತಿಳಿಯಬಾರದು. ಅರ್ಜಿಯಲ್ಲಿ ಖೋಲಿ ಬೇಕಾದ ತಾರೀಖು, ಬಿಟ್ಟುಕೊಡುವ ತಾರೀಖು ಎರಡನ್ನೂ ಹಾಕಿದೆವು. ವಾರ್ಡನ್ನರಿಗೆ ಹೆದರಿಕೆ ಇದ್ದದ್ದು ಎರಡನೆಯದರ ಬಗ್ಗೆಯೇ. ಒಮ್ಮೆ ಕೆಳಗಿಳಿದವರು ಮೇಲೆ ಹತ್ತಿದ್ದನ್ನು ಅವರು ಕಂಡಿರಲಿಲ್ಲವಂತೆ.

‘ಖಾಲಿ ಖೋಲಿ ಎಲ್ಲೈತ್ರೀ?’ ಎಂದರು. ಕೆಳಗಿನ ಹುಡುಗನೊಬ್ಬ ಅರ್ಧ ಕಿಲೋ ಕುಂದಾಕ್ಕೆ ಒಪ್ಪಿ, ಅದಲುಬದಲಿಗೆ ಸಹಿ ಹಾಕಿಕೊಟ್ಟ.

ಖೋಲಿ ಸಿಕ್ಕಿತು. ಪಾಯಖಾನೆ ಮಾತ್ರ ಕುಕ್ಕರುಗಾಲಿನದು! ಪ್ಲಾಸ್ಟರ್ ಕಾಲು ಮಡಚುವುದುಂಟೆ? ನಡುವೆ ತೂತಿರುವ ಕುರ್ಚಿಯೊಂದನ್ನು ಬಾಡಿಗೆಗೆ ತಂದದ್ದಾಯಿತು. ಅದನ್ನು ನೋಡಿದ ವಾರ್ಡನ್ನರು, ‘ಇದನ್ನೂ ಅರ್ಜಿಯೊಳಗ ಬರೀಬೇಕಿತ್ತಲ್ರೀ’ ಎಂದರು.