ಹನೂರಿನ ‘ಹ’ ಎಲ್ಲಿ ಹೋಯ್ತು?

ಮೊಮ್ಮಗಳು ಏಳನೇ ಕ್ಲಾಸು. ಶನಿವಾರ ಮಧ್ಯಾಹ್ನ ಬ್ಯಾಗನ್ನು ಜಗಲಿಗೆಸೆದು ಒಂದು ಜೆರಾಕ್ಸ್ ಹಾಳೆಯನ್ನು ನನ್ನ ಮೂಗಿಗೇ ಹಿಡಿದಳು. “ತಾತ, ನೀನು ಇಂಗ್ಲಿಷ್ ಮೇಷ್ಟ್ರಾಗಿದ್ದವ್ನು ಅಲ್ವಾ? ಇದ ಮಾಡ್ಕೊಡು.”

ವರ್ಕ್‌ಶೀಟು. ಮೇಲಿನ ಅರ್ಧದಲ್ಲಿ, ಪದದ ಯಾವ ಸಿಲಬಲ್ ಮೇಲೆ ಒತ್ತು ಬೀಳುತ್ತದೋ ಅದರ ಮುಂದೆ, ಮೇಲ್ಗಡೆಗೆ, ಒಂದು ಸಣ್ಣ ಗೀಟು ಹಾಕಬೇಕು. ಕೆಳಗಿನ ಅರ್ಧದಲ್ಲಿ ಬಾಯಿಬಿಡದ ಅಕ್ಷರವನ್ನು ಹುಡುಕಿ ಸುತ್ತು ಹಾಕಬೇಕು.

“ಒತ್ತು ಎಲ್ಲದೆ ತಾತ? ಇಂಗ್ಲಿಷ್‌ಗೆ ಒತ್ತಕ್ಷರನೇ ಇಲ್ವಲ್ಲ!” ಎಂದಳು. ತಪ್ಪು ಅವಳದಲ್ಲ. ಕನ್ನಡದ ಒತ್ತು ಕಾಗದದ ಮೇಲೆ ಕಾಣುತ್ತದೆ, ಇಂಗ್ಲಿಷಿನದು ಗಂಟಲಲ್ಲೇ ಉಳಿದುಬಿಡುತ್ತದೆ.

ಮೊದಲ ಪದ ‘ಫೋಟೋಗ್ರಾಫ್’. ಗದ್ದದ ಕೆಳಗೆ ಹೆಬ್ಬೆರಳು ಇಟ್ಟುಕೊಂಡು ಹೇಳು ಅಂದೆ. ಗದ್ದ ಎಷ್ಟು ಸಲ ಇಳಿಯಿತೋ ಅಷ್ಟು ಸಿಲಬಲ್. ಮೂರು ಸಲ ಇಳಿಯಿತು. ಈಗ ಮೂರರಲ್ಲಿ ಯಾವುದು ಉದ್ದ, ಯಾವುದು ಜೋರು, ಎಲ್ಲಿ ದನಿ ಮೇಲೇರಿತು? ಇಂಗ್ಲಿಷರ ಬಾಯಲ್ಲಿ ಅದು ‘ಫೋ’. ಗೀಟು ಅದರ ಮುಂದೆ. ನಡುವಿನ ‘ಟೋ’ ಅವರಲ್ಲಿ ‘ಟೋ’ ಅಲ್ಲವೇ ಅಲ್ಲ, ನಿದ್ದೆಗಣ್ಣಲ್ಲಿ ಅಂದ ಹಾಗೆ ಒಂದು ಮೊಂಡು ‘ಟ’. ಮುಂದಿನ ಪದ ಅದರ ತಮ್ಮ, ‘ಫೋಟೋಗ್ರಾಫರ್’. ಇಲ್ಲಿ ಒತ್ತು ಎದ್ದು ಎರಡನೇ ಮನೆಗೆ ಹೋಗಿದೆ: ಫ, ಟಾ, ಗ್ರ, ಫರ್. ಹಿಂದೆ ಮೆರೆದ ‘ಫೋ’ ಈಗ ಮಂಕಾಗಿ ‘ಫ’. ‘ಫೋಟೋಗ್ರಾಫಿಕ್’ ಅಂದರೆ ಮೂರನೆಯದಕ್ಕೆ. ಒತ್ತು ಇಲ್ಲದ ಕಡೆ ಸ್ವರ ಸಾಯುತ್ತದೆ. ಒತ್ತು ಹುಡುಕಲು ಅದಕ್ಕಿಂತ ನಂಬಿಕಸ್ಥ ಗುರುತಿಲ್ಲ.

ನಮ್ಮ ಕಷ್ಟ ಇರುವುದೂ ಅಲ್ಲೇ. ಕನ್ನಡದಲ್ಲಿ ಪ್ರತಿ ಅಕ್ಷರಕ್ಕೂ ಪಂಕ್ತಿಯಲ್ಲಿ ಸಮನಾದ ಎಲೆ. ಮದುವೆ ಮನೆಗೆ ಬರುವ ನಮ್ಮೂರ ಫೋಟೋದವನು ನಾಲ್ಕು ಸಿಲಬಲ್‌ಗೂ ಸರಿಯಾಗಿ ಬಡಿಸುತ್ತಾನೆ: ಫೋ-ಟೋ-ಗ್ರಾ-ಫರ್. ಮೂವತ್ತು ವರ್ಷ ನಾನೂ ಹಾಗೇ ಪಾಠ ಮಾಡಿದೆ, ಯಾರ ಮದುವೆಯೂ ನಿಲ್ಲಲಿಲ್ಲ.

ಐದನೇ ಪದಕ್ಕೆ ಬಂದಾಗ ನನಗೆ ಸಿಟ್ಟು ಬಂತು. ‘ರೆಕಾರ್ಡ್’ ಅಂತ ಒಂಟಿಯಾಗಿ ಕೊಟ್ಟಿದ್ದಾರೆ, ಮುಂದೆ ಹಿಂದೆ ವಾಕ್ಯವಿಲ್ಲ. ತಾಲೂಕು ಕಚೇರಿಯ ರೆಕಾರ್ಡ್ ಆದರೆ ಒತ್ತು ಮೊದಲಿಗೆ, ಮೊಬೈಲಲ್ಲಿ ಹಾಡು ರೆಕಾರ್ಡ್ ಮಾಡು ಅಂದರೆ ಒತ್ತು ಕೊನೆಗೆ. ನಾಮಪದವೋ ಕ್ರಿಯಾಪದವೋ ತಿಳಿಯದೆ ಉತ್ತರ ಹೇಳುವುದು ಮಾದಪ್ಪನಿಗೂ ಆಗದು. ಎರಡೂ ಕಡೆ ಗೀಟು ಹಾಕಿಸಿ, ಪಕ್ಕದಲ್ಲಿ ಎರಡು ವಾಕ್ಯ ಬರೆಸಿದೆ.

ಕೆಳಗಿನ ಅರ್ಧಕ್ಕೆ ಅವಳು ಸರಸರ ಸುತ್ತು ಹಾಕತೊಡಗಿದಳು. ‘ನೈಫ್’ನ ಮೊದಲ ಕೆ. ‘ಡೆಟ್’ನ ಬಿ. ‘ಸೈನ್’ನ ಜಿ.

“ಮಾತಾಡ್ದಿದ್ಮೇಲೆ ಯಾಕ್ ಬರೀಬೇಕು ಇವನ್ನೆಲ್ಲ?”

ಒಂದೊಂದರ ಕತೆ ಒಂದೊಂದು ಕಣವ್ವ ಅಂದೆ. ‘ನೈಫ್’ನ ಕೆ ಒಂದು ಕಾಲಕ್ಕೆ ನಿಜವಾಗಿ ಮಾತಾಡುತ್ತಿತ್ತು, 17ನೇ ಶತಮಾನದ ಹೊತ್ತಿಗೆ ಬಾಯಿಂದ ಜಾರಿತು, ಕಾಗದದಲ್ಲಿ ಉಳಿಯಿತು. ‘ಡೆಟ್’ನ ಬಿ ಹಾಗಲ್ಲ. ಫ್ರೆಂಚಿನಿಂದ ಬರುವಾಗ ಆ ಪದದಲ್ಲಿ ಬಿ ಇರಲೇ ಇಲ್ಲ. ಲ್ಯಾಟಿನ್ನಿನ ‘ಡೆಬಿಟುಂ’ ನೆನಪಾಗಲಿ ಅಂತ ಪಂಡಿತರು ಆಮೇಲೆ ತಂದು ಕೂರಿಸಿದರು. ಸಾಲದ ಪತ್ರದಲ್ಲಿ ಜಾಮೀನುದಾರನ ಹಾಗೆ: ರುಜು ಇದೆ, ಮಾತಿಲ್ಲ. ‘ಸೈನ್’ನ ಜಿ ಮಾತ್ರ ಸುಳ್ಳು ನಿದ್ದೆಯದು. ‘ಸಿಗ್ನೇಚರ್’ ಅನ್ನು, ಎದ್ದು ಕೂರುತ್ತದೆ. ‘ಬಾಂಬ್’ನ ಕೊನೆಯ ಬಿ ಕೂಡ ಅಷ್ಟೇ, ‘ಬಂಬಾರ್ಡ್’ ಅಂದರೆ ಎಚ್ಚರ.

‘ಹೇಟ್’ನ ಕೊನೆಯ ಇ-ಗೂ ಸುತ್ತು ಹಾಕಿದ್ದಳು. ಹಾಕಬಹುದು, ಅದು ಸದ್ದು ಮಾಡುವುದಿಲ್ಲ. ಆದರೆ ಅದನ್ನು ಅಳಿಸಿ ನೋಡು ಅಂದೆ. ಅಳಿಸಿದಳು, ‘ಹ್ಯಾಟ್’ ಆಯಿತು. ಮನೆಯ ಮೂಲೆಯಲ್ಲಿ ಬಾಯಿ ಮುಚ್ಚಿ ಕೂತು ಎಲ್ಲರನ್ನೂ ಆಳುವ ಅಜ್ಜಿ ಇದ್ದ ಹಾಗೆ. (ಅಡುಗೆಮನೆಯಿಂದ ಕೆಮ್ಮು ಕೇಳಿಸಿತು.)

‘ಅವರ್’, ‘ಆನೆಸ್ಟ್’ ಬಂದಾಗ ಮಾತ್ರ ಅವಳು ನನ್ನ ಕೇಳಲೇ ಇಲ್ಲ. ಎಚ್‌ಗೆ ಸುತ್ತು, ಸುತ್ತು. ಕಲಿಸಬೇಕಾದ್ದೇನಿದೆ? ನಮ್ಮ ಕಡೆ ಹಾಲು ಆಲು, ಹೋಗು ಓಗು. ಹಳಗನ್ನಡದ ‘ಪಾಲ್’ ಆಮೇಲೆ ‘ಹಾಲು’ ಆಯಿತು. ಇಲ್ಲಿಗೆ ಬರುವಷ್ಟರಲ್ಲಿ ಆ ‘ಹ’ವೂ ಸವೆದುಹೋಯಿತು. ಪುಸ್ತಕದಲ್ಲಿದೆ, ಬಾಯಲ್ಲಿಲ್ಲ. ಇಂಗ್ಲಿಷರ ಕೆ-ಗೆ ಆದದ್ದೂ ಇದೇ ತಾನೆ?

ಹಾಳೆಯ ಕೊನೆಗೆ ಒಂದು ಖಾಲಿ ಗೆರೆ: ‘ಬಾಯಿಬಿಡದ ಅಕ್ಷರವಿರುವ ನಿನ್ನದೇ ಒಂದು ಪದ ಬರೆ.’ ಪೆನ್ಸಿಲ್ ಕಚ್ಚುತ್ತಾ ಕೂತಳು. ರಸ್ತೆಯಲ್ಲಿ ಕೊಳ್ಳೇಗಾಲದ ಬಸ್ಸು ಬಂದು ನಿಂತಿತು, ಕಂಡಕ್ಟರ್ ಬಾಗಿಲಲ್ಲಿ ನಿಂತು “ಅನೂರ್, ಅನೂರ್, ಇಳೀರಿ” ಅಂತ ಕೂಗಿದ.

ಅವಳು ಇಂಗ್ಲಿಷಿನಲ್ಲಿ ದಪ್ಪಗೆ ‘ಹನೂರ್’ ಅಂತ ಬರೆದು, ಎಚ್‌ಗೆ ಸುತ್ತು ಹಾಕಿ, ಹಾಳೆ ಮಡಚಿ ಬ್ಯಾಗಿಗೆ ತುರುಕಿದಳು. ಮಿಸ್ಸು ಬೇರೆ ಊರಿನವರು. ಸೋಮವಾರ ನಾನೇ ಹೋಗಿ ಒಂದು ಮಾತು ಹೇಳಿ ಬರಬೇಕೋ ಏನೋ.