ಓರಗಿತ್ತಿಯ ರಾಮಾ ಗ್ರೀನ್

ಚಿಕ್ಕಪೇಟೆಯಲ್ಲಿ ಸೀರೆ ಬಿಲ್ಲಿನ ಹಿಂಬದಿಯನ್ನು ಓದುವವರು ಇಬ್ಬರೇ: ಅದನ್ನು ಅಚ್ಚು ಹಾಕಿದವನು ಮತ್ತು ವಾಪಸು ಬಂದ ಸೀರೆಯ ಮುಂದೆ ಕೂರುವ ನಾನು. ನಮ್ಮ ಅಂಗಡಿಯ ನಿಯಮ ಅಲ್ಲಿ ನಾಲ್ಕು ಸಾಲಲ್ಲಿದೆ. ಏಳು ದಿನದೊಳಗೆ, ಟ್ಯಾಗ್ ಹಾಗೇ ಇದ್ದು, ಫಾಲ್ ಹಾಕಿಸದೆ ತಂದರೆ ಬದಲಿ ಸೀರೆ ಅಥವಾ ಕ್ರೆಡಿಟ್ ನೋಟ್. ನಗದು ವಾಪಸಿಲ್ಲ. ಅಚ್ಚಾಗದ ಐದನೆಯ ನಿಯಮವೊಂದಿದೆ, ಅದು ಯಜಮಾನರ ಬಾಯಲ್ಲಿ ಮಾತ್ರ: ಬೋಣಿ ಆಗುವ ಮುಂಚೆ ವಾಪಸಿನ ಚೀಲ ಬಿಚ್ಚಬಾರದು.

ಹೋದ ಶ್ರಾವಣದಲ್ಲಿ ಅಕ್ಕ ಒಬ್ಬರು ವಾಪಸಿನ ಚೀಲ ಹಿಡಿದು ಬೋಣಿಗೂ ಮೊದಲೇ ಬಂದರು. ಅವರ ಸೀರೆಗಿಂತ ದೊಡ್ಡ ಸಮಸ್ಯೆ ಅದೇ. "ಕೂತ್ಕೊಳ್ಳಿ ಅಕ್ಕಾ, ಕಾಫಿ ತರಿಸ್ತೀನಿ" ಎಂದು ಹೊತ್ತು ತಳ್ಳಿದೆ. ಯಾರೋ ಪುಣ್ಯಾತ್ಮರು ಒಂದು ರವಿಕೆ ಕಣ ಕೊಂಡು ಬೋಣಿ ಮಾಡಿದ ಮೇಲೆ ಚೀಲ ಬಿಚ್ಚಿದೆ. ರಾಮಾ ಗ್ರೀನ್ ರೇಷ್ಮೆ, ಮೆರೂನ್ ಅಂಚು.

"ದುಡ್ಡು ವಾಪಸ್ ಕೊಡಿ ಅಣ್ಣಾ. ನಮ್ಮ ಓರಗಿತ್ತಿ ಇದೇ ಅಂಗಡೀಲಿ ಇದೇ ಬಣ್ಣ ತಗೊಂಡಿದಾಳೆ."

ಇಂಥ ಹೊತ್ತಲ್ಲಿ "ಕಂಪನಿ ರೂಲ್ಸು" ಎಂಬ ಮಾತನ್ನು ಮೊದಲೇ ಆಡಬಾರದು. ಆಡಿದ ಮರುಕ್ಷಣ ಗಿರಾಕಿ ಕೇಳುವುದು "ಓನರ್ ಎಲ್ಲಿ?" ಎಂದೇ. ಆದ್ದರಿಂದ ನಾನು ಮೊದಲು ಸೀರೆಯನ್ನು ಪೂರ್ತಿ ಹಾಸುತ್ತೇನೆ. ಎಲ್ಲಾದರೂ ನೇಯ್ಗೆ ಹರಿದಿದೆಯಾ, ಹೊಕ್ಕಿನ ಎಳೆ ತಪ್ಪಿದೆಯಾ, ಜರಿ ಎದ್ದಿದೆಯಾ ಎಂದು ಬೆರಳಾಡಿಸುತ್ತೇನೆ. ಒದ್ದೆ ಬಿಳಿ ಕರ್ಚೀಫಿನಿಂದ ಅಂಚು ಉಜ್ಜಿ ಬಣ್ಣ ಬಿಡುತ್ತದೆಯಾ ಎಂದು ನೋಡುತ್ತೇನೆ. ಇವುಗಳಲ್ಲಿ ಒಂದಿದ್ದರೂ ನಮ್ಮ ನಾಲ್ಕು ಸಾಲು ನಡೆಯುವುದಿಲ್ಲ. ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಹೇಳದಿದ್ದರೆ 30 ದಿನದೊಳಗೆ, ವಾಪಸು ಪಡೆದು ಹಣ ಕೊಡದಿದ್ದರೆ ಅದು ಅನುಚಿತ ವ್ಯಾಪಾರ ಪದ್ಧತಿ ಎಂದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯೇ ಹೇಳುತ್ತದೆ. ಆದರೆ ಆ ಕಾಯ್ದೆಯಲ್ಲಿ ಓರಗಿತ್ತಿಯನ್ನು ದೋಷವೆಂದು ಎಲ್ಲೂ ಬರೆದಿಲ್ಲ.

ಸೀರೆ ನಿರ್ದೋಷಿ. ಆದರೆ ರವಿಕೆ ಕಣ ಕತ್ತರಿಸಿ ಹೊಲಿಸಿಯಾಗಿತ್ತು. ಸೆರಗಿನ ಹಾಸಿನ ಎಳೆಗಳನ್ನು ಹೊಸೆದು ಗಂಟು ಹಾಕಿ ಕುಚ್ಚು ಕಟ್ಟಿಸಿಯಾಗಿತ್ತು. ಫಾಲನ್ನು ಮಾತ್ರ ಮನೆಯಲ್ಲೇ ಜಾಣತನದಿಂದ ಬಿಚ್ಚಿದ್ದರು. ಅಂಚನ್ನು ಟ್ಯೂಬ್‌ಲೈಟಿಗೆ ಹಿಡಿದು ಅವರಿಗೇ ತೋರಿಸಿದೆ: ಸೂಜಿ ಹೋದ ದಾರಿಯುದ್ದಕ್ಕೂ ಬೆಳಕಿನ ಸಣ್ಣ ಚುಕ್ಕಿಗಳು, ಇರುವೆ ಸಾಲು ಹೊರಟ ಹಾಗೆ. ರೇಷ್ಮೆಗೆ ಬಿದ್ದ ತೂತು ಪೂರ್ತಿ ಮುಚ್ಚಿಕೊಳ್ಳುವುದಿಲ್ಲ.

"ಈಗ ಹೇಳಿ ಅಕ್ಕಾ, ಈ ಸೀರೇನ ನಾನು ಹೊಸದು ಅಂತ ನಿಮಗೇ ಮಾರಿದ್ರೆ ತಗೋತೀರಾ?"

ಅಕ್ಕ ಮಾತಾಡಲಿಲ್ಲ. ನಿರಾಕರಣೆಯ ಅರ್ಧ ಕೆಲಸ ಅಲ್ಲಿಗೆ ಮುಗಿಯಿತು. ಉಳಿದರ್ಧ, ಬರಿಗೈಲಿ ಕಳಿಸದಿರುವುದು. "ಆಗಲ್ಲ" ಎಂದ ಉಸಿರಲ್ಲೇ "ಆದರೆ ಹೀಗೆ ಮಾಡಬಹುದು" ಬರದಿದ್ದರೆ ಗಿರಾಕಿ ಎದ್ದು ನಿಲ್ಲುತ್ತಾರೆ. ಎದ್ದು ನಿಂತವರನ್ನು ಮತ್ತೆ ಕೂರಿಸುವುದು ಸೀರೆ ಮಾರುವುದಕ್ಕಿಂತ ಕಷ್ಟ.

ಬಣ್ಣ ಹಾಕಿಸಿಕೊಡುತ್ತೇವೆ ಎಂದೆ. ಆದರೆ ಇದಕ್ಕಿಂತ ಗಾಢ ಬಣ್ಣಕ್ಕೆ ಮಾತ್ರ ಹೋಗಬಹುದು, ಜರಿಯ ಹೊಳಪಿಗೆ ಗ್ಯಾರಂಟಿ ಇಲ್ಲ ಎಂದೂ ಹೇಳಿದೆ. ಜರಿ ಎಂದ ಕೂಡಲೇ ಬೇಡವೆಂದರು. ಮಗಳಿಗೆ ಲಂಗ-ದಾವಣಿ ಹೊಲಿಸಿಕೊಡುತ್ತೇವೆ, ಹೊಲಿಗೆಯಲ್ಲಿ ಅರ್ಧ ನಮ್ಮದು ಎಂದೆ. ಇಬ್ಬರೂ ಗಂಡು ಮಕ್ಕಳಂತೆ. ಬೇರೆ ಬಣ್ಣದ ರವಿಕೆ ಕಣ ಉಚಿತವಾಗಿ ಕೊಡುತ್ತೇವೆ, ನೋಟವೇ ಬದಲಾಗುತ್ತದೆ ಎಂದೆ. "ರವಿಕೆ ಬದಲಾದ್ರೆ ಓರಗಿತ್ತಿ ಬದಲಾಗ್ತಾಳಾ?" ಎಂದರು. ಆಗ ಹೊಳೆಯಿತು.

"ಅಕ್ಕಾ, ಅವರು ಫಾಲ್ ಹಾಕಿಸಿದಾರಾ?"

"ಇಲ್ಲ, ನಿನ್ನೆ ತಾನೇ ತಂದಿದಾಳೆ."

"ಹಾಗಾದ್ರೆ ಅವರ ಸೀರೆ ಬದಲಾಯಿಸ್ಬಹುದು."

ನಿಯಮ ಗಿರಾಕಿಯನ್ನು ನೋಡುವುದಿಲ್ಲ, ಸೀರೆಯನ್ನು ನೋಡುತ್ತದೆ. ಅದು ನಮ್ಮ ಪಾಲಿಗೆ ಎಷ್ಟು ಕೆಟ್ಟದ್ದೋ ಅಷ್ಟೇ ಒಳ್ಳೆಯದು. ಮುಟ್ಟದ ಸೀರೆ ಯಾರ ಕಪಾಟಿನಲ್ಲಿದೆಯೋ ಅಲ್ಲಿಂದಲೇ ದಾರಿ ಬಿಡಿಸಬೇಕು. ಓರಗಿತ್ತಿಗೆ ಹೇಗೆ ಹೇಳುವುದು ಎಂದು ಅಕ್ಕ ಚಿಂತೆಗೆ ಬಿದ್ದರು. "ಅವರ ಮೈಬಣ್ಣಕ್ಕೆ ಬೇರೆ ಚೆನ್ನಾಗಿರುತ್ತೆ ಅಂತ ಅಂಗಡಿಯವರು ಹೇಳಿದ್ರು ಅನ್ನಿ" ಎಂದು ನನ್ನ ಹೆಸರನ್ನೂ ಎರವಲು ಕೊಟ್ಟೆ.

ಮರುದಿನ ಬೋಣಿಯಾದ ಮೇಲೆಯೇ ಇಬ್ಬರೂ ಬಂದರು. ಓರಗಿತ್ತಿ ಟ್ಯಾಗ್ ಸಮೇತ ಸೀರೆಯಿಟ್ಟು, ಅರ್ಧ ಅಂಗಡಿ ಕೆಳಗಿಳಿಸಿ, ಕೊನೆಗೆ ಆನಂದ ಬ್ಲೂ ಒಂದನ್ನು ಆರಿಸಿದರು. ಹೆಚ್ಚಾದ ಹಣ ಕಟ್ಟಿ, ನಗುತ್ತಾ ಹೆಗಲ ಮೇಲೆ ಹೊದ್ದು ಕನ್ನಡಿ ನೋಡಿಕೊಂಡರು. ನಾನು ಗೆದ್ದೆನೆಂದುಕೊಂಡು ಸೀರೆ ಮಡಚತೊಡಗಿದೆ.

ಅಕ್ಕ ಮೆಲ್ಲಗೆ ಕೌಂಟರಿಗೆ ಬಾಗಿದರು. "ಅಣ್ಣಾ, ಇಷ್ಟು ಚೆನ್ನಾಗಿರೋದನ್ನ ಆವತ್ತು ನನಗ್ಯಾಕೆ ತೋರಿಸಲಿಲ್ಲ?"

ಬಿಲ್ಲಿನ ಹಿಂಬದಿ ತಿರುಗಿಸಿ ನೋಡಿದೆ. ಅದಕ್ಕೆ ನಿಯಮವಿರಲಿಲ್ಲ.